ಒಂದು ಲಕ್ಷದ ಮಿತಿ ಕಡಿತಕ್ಕೆ, ತೆರಿಗೆಗಲ್ಲ

ಮಾನ್ಯ ಸಂಪಾದಕರೇ,

ನಮ್ಮ ಹಾಸನದ ಒಂದು ಬ್ಯಾಂಕ್ ಶಾಖೆಯಲ್ಲಿ ಠೇವಣಿ ವಿಭಾಗದ ಗಾಜಿಗೆ ವರ್ಷದಿಂದ ಒಂದು ಚೀಟಿ ಅಂಟಿಕೊಂಡಿದೆ: ‘ಹಿರಿಯ ನಾಗರಿಕರಿಗೆ 1 ಲಕ್ಷ ರೂ.ವರೆಗಿನ ಬಡ್ಡಿಗೆ ತೆರಿಗೆ ಇಲ್ಲ’. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಂದೇ ಒಂದು ಪದ ಬಿಟ್ಟುಹೋಗಿ ನನ್ನ ಸ್ನೇಹಿತರೊಬ್ಬರು ಈಗ 59,280 ರೂಪಾಯಿ ಹೊಂದಿಸುತ್ತಿದ್ದಾರೆ. ಬಿಟ್ಟುಹೋದ ಪದ ‘ಕಡಿತ’.

2025ರ ಏಪ್ರಿಲ್ 1ರಿಂದ ಬದಲಾದದ್ದು ಇಷ್ಟೇ. ಅರವತ್ತು ದಾಟಿದವರಿಗೆ ಒಂದು ಬ್ಯಾಂಕು ವರ್ಷಕ್ಕೆ ಕೊಡುವ ಠೇವಣಿ ಬಡ್ಡಿ 1 ಲಕ್ಷ ರೂಪಾಯಿ ಮೀರದಿದ್ದರೆ ಆ ಬ್ಯಾಂಕು ಮೂಲದಲ್ಲೇ ತೆರಿಗೆ, ಅಂದರೆ ಟಿಡಿಎಸ್, ಮುರಿದುಕೊಳ್ಳುವುದಿಲ್ಲ. ಮೊದಲು ಈ ಮಿತಿ 50,000 ಇತ್ತು. ಬ್ಯಾಂಕು ಮುರಿದುಕೊಳ್ಳಲಿಲ್ಲ ಎಂದರೆ ತೆರಿಗೆ ಮಾಫಿಯಾಯಿತು ಎಂದಲ್ಲ. ಲೆಕ್ಕ ಹಾಕಿ ಕಟ್ಟುವ ಹೊಣೆ ನಮ್ಮ ತಲೆಗೆ ಬಂತು ಎಂದರ್ಥ.

ನನ್ನ ಸ್ನೇಹಿತರು ನಿವೃತ್ತ ಪ್ರಾಂಶುಪಾಲರು. ಪಿಂಚಣಿ ತಿಂಗಳಿಗೆ 95,000, ವರ್ಷಕ್ಕೆ 11,40,000. ಚೀಟಿ ನಂಬಿ ಅವರು ಎರಡು ಬ್ಯಾಂಕುಗಳಲ್ಲಿ 12,80,000ದಂತೆ ಏಳೂವರೆ ಶೇಕಡಾ ಬಡ್ಡಿಗೆ ಠೇವಣಿ ಇಟ್ಟರು. ಒಂದೊಂದರಲ್ಲಿ ಬಡ್ಡಿ 96,000. ಎರಡೂ ಕಡೆ ಮಿತಿಯೊಳಗೆ, ಎರಡೂ ಕಡೆ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ಪ್ರಮಾಣಿತ ಕಡಿತ ಕಳೆದರೆ ಪಿಂಚಣಿ 10,65,000ಕ್ಕೆ ಇಳಿಯುತ್ತದೆ, 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ ಎಂದು ಅವರು ನಿಶ್ಚಿಂತೆಯಿಂದಿದ್ದರು.

ಈಗ 2025-26ರ ವಿವರ ಸಲ್ಲಿಸಲು ಕುಳಿತಾಗ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಎರಡೂ ಬ್ಯಾಂಕುಗಳ ಬಡ್ಡಿ ಅಚ್ಚುಕಟ್ಟಾಗಿ ಕುಳಿತಿತ್ತು. ಕಡಿತ ಮಾಡದಿದ್ದರೂ ಬ್ಯಾಂಕುಗಳು ಬಡ್ಡಿಯ ವರದಿ ಕೊಡುತ್ತವೆ. 1,92,000 ಸೇರಿಸಿದರೆ ತೆರಿಗೆಗೆ ಒಳಪಡುವ ಆದಾಯ 12,57,000. ರಿಯಾಯಿತಿಯ ಗೆರೆ ದಾಟಿತು. ಗೆರೆ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ನಿಯಮದ ಪುಣ್ಯದಿಂದ 68,550 ಆಗಬೇಕಾದ ತೆರಿಗೆ 57,000ಕ್ಕೆ ನಿಂತಿತು. ಶೇ 4ರ ಸೆಸ್ ಸೇರಿ 59,280. ಹಿರಿಯ ನಾಗರಿಕರಿಗೆ, ವ್ಯಾಪಾರದ ಆದಾಯವಿಲ್ಲದಿದ್ದರೆ, ಮುಂಗಡ ತೆರಿಗೆಯ ಕಟ್ಟುಪಾಡಿಲ್ಲ. ಹಾಗಾಗಿ ಜುಲೈ 31ರೊಳಗೆ ಕಟ್ಟಿದರೆ ದಂಡಬಡ್ಡಿಯಿಂದಲಾದರೂ ಪಾರು.

‘80ಟಿಟಿಬಿ ಕಲಮಿನಲ್ಲಿ ಹಿರಿಯರ ಬಡ್ಡಿಗೆ 50,000 ಬಿಡುತ್ತಾರಲ್ಲ?’ ಎಂದು ಅವರು ಕೇಳಿದರು. ಬಿಡುತ್ತಾರೆ, ಹಳೆಯ ಪದ್ಧತಿಯಲ್ಲಿ ಮಾತ್ರ. ಅಲ್ಲಿ ಉಳಿತಾಯ ಖಾತೆಯ ಬಡ್ಡಿಯೂ ಅದೇ 50,000ದೊಳಗೆ ಬರಬೇಕು. ಕಡಿತದ ಮಿತಿ ಎರಡು ಪಟ್ಟಾದರೂ ಈ ವಿನಾಯಿತಿ 2018ರ ಬಜೆಟ್ಟಿನಲ್ಲಿ ಬಂದಷ್ಟೇ ಇದೆ. ಬೇರೆ ಉಳಿತಾಯವಿಲ್ಲದ ಅವರಿಗೆ ಹಳೆಯ ಪದ್ಧತಿಯ ತೆರಿಗೆ ಒಂದೂಮುಕ್ಕಾಲು ಲಕ್ಷ ದಾಟುತ್ತಿತ್ತು. ಆ ಐವತ್ತು ಸಾವಿರಕ್ಕೆ ಆಸೆಪಟ್ಟು ಫಲವಿರಲಿಲ್ಲ.

ನನ್ನ ಕಥೆ ಇದಕ್ಕೆ ತಿರುಗುಮುರುಗು. ಪಿಂಚಣಿ ತಿಂಗಳಿಗೆ 40,000. ಒಂದೇ ಬ್ಯಾಂಕಿನಲ್ಲಿ 14 ಲಕ್ಷ ಇಟ್ಟಿದ್ದರಿಂದ ಬಡ್ಡಿ 1,05,000. ಮಿತಿ ಮೀರಿದ 5,000ಕ್ಕೆ ಶೇ 10ರಂತೆ 500 ಹೋದೀತು ಎಂದುಕೊಂಡಿದ್ದೆ. ಮಿತಿ ದಾಟಿದರೆ ಕಡಿತ ಪೂರ್ತಿ ಬಡ್ಡಿಯ ಮೇಲೆ. ಕಳೆದ ಜೂನ್ ಕೊನೆಯಲ್ಲಿ ಪಾಸ್‌ಬುಕ್ ತುಂಬಿಸಿದಾಗ 26,250ರ ಜಾಗದಲ್ಲಿ 23,625 ಇತ್ತು. ವರ್ಷದ ಅಂದಾಜು ಬಡ್ಡಿ ನೋಡಿ ಮೊದಲ ಕಂತಿನಿಂದಲೇ ಕತ್ತರಿ ಹಾಕಿದ್ದರು.

ನನಗೆ ತೆರಿಗೆ ಬರುವುದಿಲ್ಲ, ಕಡಿತ ಬೇಡ ಎಂದು ಬ್ಯಾಂಕಿಗೆ ಬರೆದುಕೊಡುವ 15ಎಚ್ ನಮೂನೆ ತುಂಬಿಕೊಂಡು ಹೋದರೆ ‘ನಿಮ್ಮ ಆದಾಯ ಐದು ಲಕ್ಷ ಮೀರಿದೆ, ಬರುವುದಿಲ್ಲ ಸರ್’ ಎಂದು ಗುಮಾಸ್ತರು ಹಿಂದಿರುಗಿಸಿದರು. ನನ್ನ ಒಟ್ಟು ಆದಾಯ 5,85,000, ಪ್ರಮಾಣಿತ ಕಡಿತದ ನಂತರ 5,10,000. ರಿಯಾಯಿತಿ ಕಳೆದ ಮೇಲೆ ತೆರಿಗೆ ಸೊನ್ನೆಯಾಗುವುದಾದರೆ ನಮೂನೆ ಸ್ವೀಕರಿಸಬೇಕೆಂದು 15ಎಚ್‌ನ ಟಿಪ್ಪಣಿಯಲ್ಲೇ ಬರೆದಿತ್ತು. ತೋರಿಸಿದೆ, ಅವರು ಕನ್ನಡಕ ಹಾಕಿಕೊಂಡು ಓದಿ, ‘ಮ್ಯಾನೇಜರ್ ರಜೆಯಲ್ಲಿದ್ದಾರೆ’ ಎಂದರು. ಹೀಗೆ ವರ್ಷಕ್ಕೆ 10,500 ಹೋಯಿತು. ಈಗ ವಿವರ ಸಲ್ಲಿಸಿ ಮರುಪಾವತಿಗೆ ಕಾಯಬೇಕು.

ಬಾಕಿ ಇರುವವರಿಂದ ಕಡಿತವಿಲ್ಲ, ಬಾಕಿ ಇಲ್ಲದವನಿಂದ ಕಡಿತ! ನಿಯಮ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಗಾಜಿನ ಮೇಲಿನ ಚೀಟಿಯನ್ನಾದರೂ ‘1 ಲಕ್ಷದವರೆಗೆ ಈ ಬ್ಯಾಂಕಿನಲ್ಲಿ ಕಡಿತವಿಲ್ಲ, ತೆರಿಗೆಯ ಲೆಕ್ಕ ಬೇರೆ’ ಎಂದು ತಿದ್ದಲಿ. ನಿನ್ನೆ ಹೋದಾಗಲೂ ಅದು ಅಲ್ಲೇ ಇತ್ತು, ಮೂಲೆಗೆ ಹೊಸ ಅಂಟುಪಟ್ಟಿ ಹಚ್ಚಿದ್ದರು.

– ನಿವೃತ್ತ ಶಿಕ್ಷಕ, ಹಾಸನ