ಸಾವಿರ ಸಸಿ ಬೇಡ, ಇನ್ನೂರಕ್ಕೆ ನೀರಿನ ಖರ್ಚು ಬರೆಯಿರಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ಪಟ್ಟಣದಿಂದ ಕೆರೆಯಂಗಳದ ತನಕ ರಸ್ತೆಯ ಎರಡೂ ಬದಿಗೆ ಪರಿಸರ ದಿನದಂದು ಸಾವಿರ ಸಸಿ ನೆಡಲು ತಾವು ಐದು ಲಕ್ಷ ರೂಪಾಯಿ ಕೊಡಿಸುತ್ತಿದ್ದೀರಿ. ಅದರ ಅಂದಾಜು ಪಟ್ಟಿ ನೋಡಿದೆವು. ಸಸಿಗೆ 40 ಸಾವಿರ, ಗುಂಡಿಗೆ 50 ಸಾವಿರ, ಸಾಗಣೆಗೆ 20 ಸಾವಿರ, 250 ಕಬ್ಬಿಣದ ಟ್ರೀ ಗಾರ್ಡಿಗೆ 3 ಲಕ್ಷ, ಶಾಮಿಯಾನ, ಊಟ, ವೇದಿಕೆಗೆ 60 ಸಾವಿರ, ನಾಮಫಲಕಕ್ಕೆ 30 ಸಾವಿರ. ಅಲ್ಲಿಗೆ ಐದು ಲಕ್ಷ ಮುಗಿಯಿತು. ನೀರಿನ ಮುಂದೆ ‘ಸ್ಥಳೀಯವಾಗಿ ವ್ಯವಸ್ಥೆ’ ಎಂದಷ್ಟೇ ಬರೆದಿದೆ.

ನಮ್ಮ ತಾಲ್ಲೂಕಿನಂಥ ಬಯಲುಸೀಮೆಯಲ್ಲಿ ಈ ಪಟ್ಟಿಯ ಗತಿ ಏನಾಗುತ್ತದೆಂದು ಹೇಳುವುದು ಕಷ್ಟವಲ್ಲ. ಗಾರ್ಡ್ ಇಲ್ಲದ 750 ಸಸಿಗಳನ್ನು ಮೇಕೆಗಳು ದೀಪಾವಳಿಯೊಳಗೆ ಮುಗಿಸುತ್ತವೆ. ಗಾರ್ಡ್ ಇರುವವು ಏಪ್ರಿಲಿನಲ್ಲಿ ಒಣಗುತ್ತವೆ. ಅದೇ ಐದು ಲಕ್ಷದಲ್ಲಿ 200 ಮರಗಳನ್ನು ಮೂರು ಬೇಸಿಗೆ ದಾಟಿಸುವ ಲೆಕ್ಕವನ್ನು ಕೆಳಗೆ ಕೊಟ್ಟಿದ್ದೇವೆ. ದರಗಳು ಸುತ್ತಮುತ್ತ ಈಗ ನಡೆಯುತ್ತಿರುವವು. ಹತ್ತಿಪ್ಪತ್ತು ರೂಪಾಯಿ ಅತ್ತಿತ್ತ ಆದೀತು, ಲೆಕ್ಕದ ರೀತಿ ಬದಲಾಗದು.

ಮೊದಲು ನೀರು. ಹೊಸ ಸಸಿಗೆ ಒಂದು ಸಲಕ್ಕೆ 20 ಲೀಟರ್ ಬೇಕು. ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಹಿಡಿಯುವುದು 5,000 ಲೀಟರ್. ಪೈಪಿನಿಂದ ಚೆಲ್ಲುವುದನ್ನು ಕಳೆದರೆ ಒಂದು ಲೋಡಿಗೆ 200 ಸಸಿ. ನಾವು 200 ಎಂದದ್ದಕ್ಕೆ ಇದೂ ಒಂದು ಕಾರಣ: ಒಂದು ಲೋಡು, ಅರ್ಧ ದಿನ, ಒಂದು ಸುತ್ತು ಮುಗಿಯಿತು. ಡಿಸೆಂಬರಿನಿಂದ ಮೇ ಕೊನೆಯವರೆಗೆ ವಾರಕ್ಕೊಮ್ಮೆ ಎಂದರೆ 26 ಸುತ್ತು. ಮಾರ್ಚಿನಿಂದ ವಾರಕ್ಕೆ ಎರಡು ಸಲ ಕೊಡಬೇಕಾದ್ದರಿಂದ ಇನ್ನೂ 13. ಮಳೆಗಾಲದಲ್ಲಿ ಮಳೆ ಕೈಕೊಡುವ ದಿನಗಳಿಗೆ 5. ಒಟ್ಟು 44 ಲೋಡು. ನೀರು, ಟ್ರ್ಯಾಕ್ಟರ್, ಪೈಪ್ ಹಿಡಿಯುವ ಆಳು ಸೇರಿ ಲೋಡಿಗೆ 1,100 ರೂಪಾಯಿಯಂತೆ ಮೊದಲ ವರ್ಷಕ್ಕೆ 48,400.

ಎರಡನೇ ವರ್ಷ ಸುತ್ತು ಕಡಿಮೆ ಮಾಡಿ ನೀರು ಹೆಚ್ಚಿಸಬೇಕು, ಆಗಲೇ ಬೇರು ಕೆಳಗಿಳಿಯುವುದು. ಹತ್ತು ದಿನಕ್ಕೊಮ್ಮೆ 40 ಲೀಟರಿನಂತೆ 18 ಸುತ್ತು, ಸುತ್ತಿಗೆ ಎರಡು ಲೋಡು: 39,600. ಮೂರನೇ ವರ್ಷ ಮಾರ್ಚಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಸಾಕು: 13,200. ಮೂರು ವರ್ಷಕ್ಕೆ 1,01,200 ರೂಪಾಯಿ, ಅಂದರೆ ಸಸಿಯೊಂದಕ್ಕೆ ಐನೂರು ಚಿಲ್ಲರೆ. ತಮ್ಮ ಪಟ್ಟಿಯಲ್ಲಿ ಒಂದು ಸಸಿಯ ಬೆಲೆ 40 ರೂಪಾಯಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇಲ್ಲಿ ಸರ್ಕಾರಿ ಲೆಕ್ಕದ ತೊಡಕೊಂದಿದೆ. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಸಸಿಗೆ ಅತಿ ಹೆಚ್ಚು ನೀರು ಬೇಕಾಗುವ ಏಪ್ರಿಲ್, ಮೇ ಬೀಳುವುದು ಮುಂದಿನ ವರ್ಷದ ಖಾತೆಗೆ. ಹೊಸ ಕ್ರಿಯಾ ಯೋಜನೆಗೆ ಮಂಜೂರಾತಿ ಸಿಗುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತದೆ. ಆದ್ದರಿಂದ ಮುಂದಿನ ವರ್ಷಗಳ ನೀರಿನ ಹಣ ಯಾವ ಖಾತೆಯಿಂದ ಬರುತ್ತದೆಂದು ಗುಂಡಿ ತೋಡುವ ಮೊದಲೇ ಲಿಖಿತವಾಗಿ ನಿರ್ಧಾರವಾಗಬೇಕು.

ದಿನಾಂಕವೂ ಖರ್ಚಿನ ವಿಷಯವೇ. ಪರಿಸರ ದಿನ ಜೂನ್ 5. ನಮ್ಮ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್, ಜುಲೈನಲ್ಲಿ ಮೋಡಕ್ಕಿಂತ ಗಾಳಿಯೇ ಜಾಸ್ತಿ. ಜೂನಿನಲ್ಲಿ ನೆಟ್ಟರೆ ಹತ್ತು ಲೋಡಾದರೂ ಹೆಚ್ಚು ಬೇಕು, ಗಾಳಿಗೆ ಸಸಿಗಳು ವಾಲುವುದು ಬೇರೆ. ಜೂನ್ 5ರಂದು ತಾವು ಗುಂಡಿ ಪೂಜೆ ಮಾಡಿ, ಆಗಸ್ಟ್ ಕೊನೆಯಲ್ಲಿ ಒಳ್ಳೆ ಮಳೆ ಬಿದ್ದ ಮೇಲೆ ನೆಡಿಸಿ. ಫೋಟೊ ಎರಡು ಸಲ ಬರುತ್ತದೆ.

ತಡವಾಗಿ ನೆಡುವಾಗ ಸಸಿ ದೊಡ್ಡದಿರಬೇಕು. ಚಿಕ್ಕ ಚೀಲದ ಒಂದೂವರೆ ಅಡಿ ಸಸಿ ಹುಲ್ಲಿನಲ್ಲಿ ಕಾಣುವುದೂ ಇಲ್ಲ. 14×20 ಇಂಚು ಚೀಲದ, ಆರಡಿ ಎತ್ತರದ ಹೊಂಗೆ, ಬೇವು, ಹುಣಸೆ ತರಿಸಿ. ಹೊಂಗೆಯನ್ನು ಮೇಕೆ ಅಷ್ಟಾಗಿ ಮುಟ್ಟುವುದಿಲ್ಲ, ಜನ ಓಡಾಡುವ ಕಡೆ ಅದೇ ಹೆಚ್ಚಿರಲಿ. ಸತ್ತವುಗಳ ಜಾಗಕ್ಕೆ 30 ಸೇರಿಸಿ 230 ಸಸಿ, 120 ರೂಪಾಯಿಯಂತೆ 27,600.

ಸಾಗಣೆಯಲ್ಲಿ ತೂಕ ಮರೆಯುತ್ತಾರೆ. ಮಣ್ಣು ತುಂಬಿದ ಇಂಥ ಚೀಲ ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲ, ನೂರು ಸಸಿ ಎಂದರೆ ಎರಡು ಟನ್. ಟಾಟಾ ಏಸಿನಲ್ಲಿ ಮೂವತ್ತೈದು ದಾಟಿಸಬಾರದು. 407 ಗಾಡಿಯಲ್ಲಿ ಒಂದೇ ಪದರ ನಿಲ್ಲಿಸಿದರೆ ನೂರು ಹಿಡಿಯುತ್ತದೆ. ನೆಡಲು ಎರಡು ಟ್ರಿಪ್, ಬದಲಿ ಸಸಿಗೆ ಮುಂದಿನ ವರ್ಷ ಒಂದು, ಹಮಾಲಿ ಸೇರಿ 10,500. ಕಾಂಡ ಹಿಡಿದು ಎತ್ತಿದರೆ ಬೇರಿನ ಮಣ್ಣುಗಡ್ಡೆ ಒಡೆಯುತ್ತದೆ, ಆ ಸಸಿ ಹದಿನೈದು ದಿನದಲ್ಲಿ ಎಲೆ ಉದುರಿಸುತ್ತದೆ. ಚೀಲದ ಬುಡಕ್ಕೆ ಕೈ ಹಾಕಿ ಎತ್ತಿಸಬೇಕು, ಮೇಲೆ ನೆರಳು ಬಲೆ ಕಟ್ಟಿ ಬೆಳಗಿನ ಜಾವವೇ ತರಬೇಕು.

ಟ್ರೀ ಗಾರ್ಡ್ ಎಲ್ಲಕ್ಕೂ ಕಬ್ಬಿಣದ್ದೇ ಬೇಕಿಲ್ಲ. ಸಂತೆ ಮೈದಾನ, ಬಸ್ ನಿಲ್ದಾಣ, ದನ ನಿಲ್ಲುವ ಕಡೆ 60ಕ್ಕೆ ಮಾತ್ರ ಕಬ್ಬಿಣ, ಒಂದಕ್ಕೆ 1,400. ಉಳಿದ 140ಕ್ಕೆ ಐದಡಿ ಬಿದಿರಿನದು, 350ರಂತೆ. ಬಿದಿರಿಗೆ ಗೆದ್ದಲು ಹತ್ತುತ್ತದೆ, ಮಣ್ಣಿಗೆ ಹೋಗುವ ಒಂದಡಿಗೆ ಟಾರು ಬಳಿದರೂ ಎರಡು ಮಳೆಗಾಲಕ್ಕೆ ಅರ್ಧ ಹಾಳಾಗುತ್ತವೆ. ಆ 70ರ ಬದಲಿಯನ್ನೂ ಸೇರಿಸಿ ಒಟ್ಟು 1,57,500. ಕಬ್ಬಿಣದವು ಎರಡು ಹೋಳಾಗಿ ಬೋಲ್ಟಿನಿಂದ ಕೂಡುವಂತಿರಲಿ. ಸುತ್ತ ಬೆಸುಗೆ ಹಾಕಿದ ಗಾರ್ಡನ್ನು ಯಾರೂ ಬಿಚ್ಚುವುದಿಲ್ಲ, ಐದಾರು ವರ್ಷಕ್ಕೆ ಪಟ್ಟಿ ತೊಗಟೆಯೊಳಗೆ ಹೂತು ಮರವನ್ನೇ ಹಿಸುಕುತ್ತದೆ. ಬೋಲ್ಟಿನದಾದರೆ ಬಿಚ್ಚಿ ಇನ್ನೊಂದು ಸಸಿಗೆ ಹಾಕಬಹುದು. ಗುಜರಿಗೆ ಹೋಗದಂತೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಬಿಡಿ, ಬಿಚ್ಚುವ ದಿನ ಅದನ್ನು ಕತ್ತರಿಸಿದರಾಯಿತು.

ಎರಡಡಿ ಉದ್ದ, ಅಗಲ, ಆಳದ ಗುಂಡಿ ಮತ್ತು ಗೊಬ್ಬರಕ್ಕೆ 38,000, ಊರುಗೋಲಿಗೆ 6,000, ಕಳೆ ತೆಗೆದು ಪಾತಿ ಸರಿಪಡಿಸಲು 18,000. ಊರಿನವರೇ ಒಬ್ಬರಿಗೆ ನೋಡಿಕೊಳ್ಳುವ ಹೊಣೆ ಕೊಟ್ಟು ತಿಂಗಳಿಗೆ 3,000, ಮೂರು ವರ್ಷಕ್ಕೆ 1,08,000. ಇಷ್ಟಕ್ಕೆಲ್ಲ 4,66,800 ಆಗುತ್ತದೆ. ಉಳಿದ 33,200 ಬೇಸಿಗೆಯಲ್ಲಿ ಟ್ಯಾಂಕರ್ ದರ ಏರಿದಾಗ ಬೇಕೇ ಬೇಕು, ಅದನ್ನು ಶಾಮಿಯಾನಕ್ಕೆ ಎಳೆಯಬೇಡಿ.

ನೀರಿನ ಬಿಲ್ಲನ್ನು ಚೀಟಿ ನೋಡಿ ಪಾಸು ಮಾಡಬೇಡಿ. ಚೀಟಿಯಲ್ಲಿ ಟ್ಯಾಂಕರ್ ಎಷ್ಟು ಸಲ ಬೇಕಾದರೂ ಓಡುತ್ತದೆ. ನೀರು ಬಿಟ್ಟ ಮರುದಿನ ಹತ್ತು ಪಾತಿಗಳಲ್ಲಿ ಗೇಣುದ್ದ ಕೆದಕಿಸಿ ನೋಡಿ: ಮೇಲೆ ಮಾತ್ರ ಒದ್ದೆ, ಕೆಳಗೆ ಪುಡಿಮಣ್ಣು ಇದ್ದರೆ ಪೈಪ್ ತೋರಿಸಿ ಹೋಗಿದ್ದಾರೆ. ಪಾತಿ ಮೂರಡಿ ಅಗಲ, ನಾಲ್ಕಿಂಚು ಏರಿಯದಾಗಿದ್ದರೆ ಇಪ್ಪತ್ತು ಲೀಟರೂ ಅಲ್ಲೇ ನಿಂತು ಇಂಗುತ್ತದೆ. ಮಧ್ಯಾಹ್ನ ಎಲೆ ಬಾಡುವುದು ಸಹಜ, ಬೆಳಿಗ್ಗೆ ಏಳಕ್ಕೂ ಬಾಡಿದ್ದರೆ ಸುತ್ತು ತಪ್ಪಿದೆ.

ನಮ್ಮ ಕೋರಿಕೆ ಎರಡೇ. ಅಂದಾಜು ಪಟ್ಟಿಯನ್ನು ಟೆಂಡರಿಗೆ ಹೋಗುವ ಮೊದಲು ತಿದ್ದಿಸಿ. ಗುತ್ತಿಗೆಯ ಕೊನೆಯ ಕಂತಾಗಿ ಕಾಲು ಭಾಗ ಹಣವನ್ನು ಎರಡನೇ ಬೇಸಿಗೆ ಕಳೆದ ಮೇಲೆ, ಜೂನಿನಲ್ಲಿ ಚಿಗುರಿರುವ ಸಸಿಗಳನ್ನು ಗ್ರಾಮಸಭೆಯ ಎದುರು ಎಣಿಸಿ ಬಿಡುಗಡೆ ಮಾಡುವ ಷರತ್ತು ಹಾಕಿಸಿ. ಎಣಿಸಲು ನಾವು ಬರುತ್ತೇವೆ.

ಇಂತಿ,
ರಸ್ತೆ ಬದಿ ಸಸಿಗಳನ್ನು ನೋಡಿಕೊಳ್ಳುವ ತಾಲ್ಲೂಕಿನ ನಾಗರಿಕರು