ಶನಿವಾರ ಬಟವಾಡೆಗೆ ಮುಂಚೆ ಮುಕ್ಕಾಲು ಗಂಟೆ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಮಾತ್ರ ಹಾಗೇ ಇದೆ. ಮೆಟ್ಟಿಲು ಹತ್ತುವಾಗೆಲ್ಲ ಕಟ್ಟಿದವನಿಗೆ ಬೈಯುತ್ತಾಳೆ. ಕಟ್ಟಿದವನು ನಾನೇ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದಿದೆ. ಆರು ದಿನ ಬಿಸಿಲಲ್ಲಿ ಸೈಟಿನಲ್ಲಿ ನಿಂತಿದ್ದೀಯ. ಶನಿವಾರ ಮಾಲೀಕರು ಬಂದು "ಈ ವಾರ ಏನಾಯ್ತಮ್ಮಾ?" ಅಂದರೆ ಬಾಯಿಗೆ ಉತ್ತರ ಬರಲಿಲ್ಲ ಅಂದೆ. ನೀನು ಕಳಿಸಿದ ಕೆಲಸದ ಪಟ್ಟಿಯ ಫೋಟೋ ನೋಡಿದೆ. 31 ಸಾಲು. ಅರ್ಧಕ್ಕೆ ಟಿಕ್, ಕೆಲವಕ್ಕೆ ಅರ್ಧ ಟಿಕ್, "ಕಿಟಕಿ ಗ್ರಿಲ್" ಅನ್ನುವುದು ಮೂರು ವಾರದಿಂದ ಹಾಗೇ ನಕಲಾಗುತ್ತಾ ಬಂದಿದೆ. ಇದು ಪಟ್ಟಿ ಅಲ್ಲ ಪುಟ್ಟಿ, ಹರಕೆ ಗಂಟು. ವಾರಕ್ಕೊಮ್ಮೆ ಅದನ್ನು ಬಿಚ್ಚಿ ನೋಡಬೇಕು.

ಮೊದಲು ಸಮಯದ ವಿಷಯ. ವಾರದ ಲೆಕ್ಕವನ್ನು ಭಾನುವಾರ ರಾತ್ರಿ ಮನೆಯಲ್ಲಿ ಕೂತು ಬರೆಯಬೇಡ. ಆಗ ಸಜ್ಜಾಕ್ಕೆ ಕಂಬಿ ಸಾಲದು ಅಂತ ಗೊತ್ತಾದರೆ ಯಾವ ಅಂಗಡಿಗೆ ಫೋನ್ ಮಾಡುತ್ತೀಯ? ಬಟವಾಡೆ ಹೊತ್ತಿಗೂ ಬೇಡ. ದುಡ್ಡು ಎಣಿಸುವಾಗ ಯಾವ ಮೇಸ್ತ್ರಿಯನ್ನು ಕೇಳಿದರೂ "ಎಲ್ಲಾ ಮುಗೀತು ಮೇಡಂ" ಅಂತಲೇ ಹೇಳುತ್ತಾನೆ. ಶನಿವಾರ ಊಟ ಆದ ಮೇಲೆ ಎರಡು ಗಂಟೆಗೆ ಶುರು ಮಾಡು. ಇಪ್ಪತ್ತು ನಿಮಿಷ ಪುಸ್ತಕ ಹಿಡಿದು ಸೈಟು ಸುತ್ತು. ಇಪ್ಪತ್ತೈದು ನಿಮಿಷ ಕೂತು ಬರೆ. ಅಂಗಡಿಗಳು ತೆರೆದಿರುತ್ತವೆ, ಜನ ಇನ್ನೂ ಸೈಟಿನಲ್ಲೇ ಇರುತ್ತಾರೆ. ಸುತ್ತದೆ ಬರೆದರೆ ನೆನಪಿನಿಂದ ಬರೆಯುತ್ತೀಯ. ನೆನಪು ಯಾವಾಗಲೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಹೋದ ವಾರದ್ದನ್ನೇ ತೆಗೆದುಕೊಳ್ಳೋಣ. ಶನಿವಾರ 8ನೇ ತಾರೀಖು. ಹಿಂದಿನ ಶನಿವಾರ ನೀನು "ಈ ವಾರ ಆಗುತ್ತೆ" ಅಂತ ಒಪ್ಪಿಕೊಂಡಿದ್ದ ಕೆಲಸಗಳು ಎಂಟು. ಐದು ಆಗಿವೆ, ಮೂರು ಆಗಿಲ್ಲ. ಇಲ್ಲಿ ಒಂದೇ ಕಟ್ಟುನಿಟ್ಟು: ಆಯ್ತು, ಇಲ್ಲ ಆಗಿಲ್ಲ. ಮುಕ್ಕಾಲು ಆಗಿದೆ, 90 ಪರ್ಸೆಂಟ್ ಆಗಿದೆ ಅನ್ನುವುದನ್ನು ಪುಸ್ತಕಕ್ಕೆ ಸೇರಿಸಬೇಡ. ಹಾಲ್‌ನ ಗಾರೆ ಒಂದು ಮೂಲೆ ಬಿಟ್ಟು ಎಲ್ಲ ಆಗಿದೆ ಅಂದೆಯಲ್ಲ, ಅದು ಆಗಿಲ್ಲ. ಆ ಮೂಲೆ ಮುಗಿಯದೆ ಸಾರವೆ ಬಿಚ್ಚುವಂತಿಲ್ಲ, ಸಾರವೆ ಬಿಚ್ಚದೆ ನೆಲದ ಕೆಲಸ ಶುರುವಾಗುವುದಿಲ್ಲ. ಮುಂದಿನವನ ಕೈಗೆ ಜಾಗ ಸಿಕ್ಕಿತಾ ಅಂತ ಕೇಳು, ಉತ್ತರ ತಾನಾಗಿ ಬರುತ್ತೆ. ನಾನು ಚಿಕ್ಕವನಿದ್ದಾಗ ಒಂದು ಹಾಸ್ಟೆಲ್ ಕೆಲಸದಲ್ಲಿ ಮೂರು ವಾರ ಸತತವಾಗಿ "90 ಪರ್ಸೆಂಟ್" ಅಂತ ಬರೆದಿದ್ದೆ. ನಾಲ್ಕನೇ ವಾರ ದೊಡ್ಡ ಇಂಜಿನಿಯರ್ ಬಂದು ಉಳಿದ ಹತ್ತು ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಕೇಳಿದರು.

ಆಗಿದ್ದನ್ನು ಯಾಕೆ ಬರೆಯಬೇಕು, ಆಯ್ತಲ್ಲ ಅಂತ ನಿನಗೆ ಅನ್ನಿಸಬಹುದು. ಮಾಲೀಕರಿಗೆ ಹೇಳಲಿಕ್ಕೆ ಅಷ್ಟೇ ಅಲ್ಲ. ಮುಗಿದ ಕೆಲಸ ತಾರೀಖುಗಳನ್ನು ಹುಟ್ಟಿಸುತ್ತದೆ. ಮಂಗಳವಾರ 4ನೇ ತಾರೀಖು ಪೋರ್ಟಿಕೋದ ಆರ್‌ಸಿಸಿ ಹಾಕಿದಿರಿ. ನೀನು "ಪೋರ್ಟಿಕೋ ಮುಗೀತು" ಅಂತ ಗೀಟು ಹೊಡೆದು ಬಿಟ್ಟೆ. ನೀವು ಬಳಸಿದ್ದು ಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಕಾಂಕ್ರೀಟು ಕೆಲಸದ ನಿಯಮ ಪುಸ್ತಕ ಐಎಸ್ 456 ಪ್ರಕಾರ ಅದಕ್ಕೆ ಕನಿಷ್ಠ 10 ದಿನ ನೀರು ಬೇಕು. ಅಂದರೆ 14ರವರೆಗೆ. ನಡುವೆ 9ನೇ ತಾರೀಖು ಭಾನುವಾರ ಬರುತ್ತೆ, ಅವತ್ತು ನೀರು ಹಾಕೋರು ಯಾರು? ಆಸರೆಯಿಂದ ಆಸರೆಗೆ ಸ್ಲ್ಯಾಬಿನ ಉದ್ದ ನಿನ್ನ ನಕ್ಷೆಯಲ್ಲಿ 4.8 ಮೀಟರ್ ಇದೆ. ನಾಲ್ಕೂವರೆ ಮೀಟರ್ ದಾಟಿದರೆ ಊರೆಗಂಬ 14 ದಿನ ತೆಗೆಯುವ ಹಾಗಿಲ್ಲ, ಅಂದರೆ 18ರವರೆಗೆ. ಅದೂ ಐಎಸ್ 456ರಲ್ಲಿ ಸಾದಾ ಸಿಮೆಂಟಿಗೆ ಹೇಳಿರುವ ಕನಿಷ್ಠ ಲೆಕ್ಕ, ಪಿಪಿಸಿಗೆ ಡಿಸೈನ್ ಮಾಡಿದವರು ಜಾಸ್ತಿ ದಿನ ಹೇಳಿದ್ದರೆ ಅವರ ಮಾತೇ ಮಾತು. "ಆಯ್ತು" ಅನ್ನುವ ಸಾಲಿನ ಪಕ್ಕದಲ್ಲೇ ಈ ಮೂರು ತಾರೀಖು ಬರೆದಿಟ್ಟರೆ, ಸೆಂಟ್ರಿಂಗಿನವನು 11ನೇ ತಾರೀಖು ಬಂದು "ಕಂಬ ಬೇರೆ ಕಡೆ ಬೇಕು ಮೇಡಂ" ಅಂದಾಗ ಅವನ ಜೊತೆ ವಾದ ಮಾಡಬೇಕಿಲ್ಲ. ಪುಸ್ತಕ ತೋರಿಸಿದರೆ ಸಾಕು.

ಈಗ ಜಾರಿದ ಮೂರು. ಈ ಪುಟಕ್ಕೇ ಜಾಸ್ತಿ ಹೊತ್ತು ಕೊಡು.

ಮೊದಲನೆಯದು, ಮೇಲಿನ ಮಹಡಿಯ ಆರ್‌ಸಿಸಿ. ಗುರುವಾರ ಹಾಕಬೇಕಿತ್ತು. ನೀನು ಕಾರಣ ಬರೆದದ್ದು "ಎಲೆಕ್ಟ್ರಿಷಿಯನ್ ಬರಲಿಲ್ಲ". ಸರಿ, ಅವನ ಪೈಪು, ಬಾಕ್ಸು ಕೂರದೆ ಕಾಂಕ್ರೀಟು ಹಾಕುವಂತಿಲ್ಲ, ಆದರೆ ಅವನು ಯಾಕೆ ಬರಲಿಲ್ಲ? ಫೋನಿನಲ್ಲಿ ಕೆದಕಿದಾಗ ತಾನೆ ಹೊರಗೆ ಬಂದದ್ದು: ಅವನು ಬುಧವಾರ ಬಂದಿದ್ದ, ಫ್ಯಾನ್ ಬಾಕ್ಸ್ ಎಲ್ಲಿ ಕೂರಿಸಬೇಕು ಅಂತ ಗೊತ್ತಿಲ್ಲದೆ ವಾಪಸ್ ಹೋದ. ಯಾಕೆ ಗೊತ್ತಿರಲಿಲ್ಲ? ಮಾಲೀಕರ ಮನೆಯವರು ಮಲಗುವ ಕೋಣೆಯಲ್ಲಿ ಮಂಚ ಯಾವ ಗೋಡೆಗೆ ಅಂತ ಇನ್ನೂ ತೀರ್ಮಾನ ಮಾಡಿರಲಿಲ್ಲ. ಅವರನ್ನು ಕೇಳಿದವರು ಯಾರು? ಯಾರೂ ಇಲ್ಲ. ನೋಡು, ಬಾಡಿಗೆ ಸೆಂಟ್ರಿಂಗ್ ಶೀಟುಗಳು ಸುಮ್ನೆ ನಿಂತಿರುವುದಕ್ಕೆ ಕಾರಣ ಎಲೆಕ್ಟ್ರಿಷಿಯನ್ ಅಲ್ಲ, ಒಂದು ಮಂಚ.

ಎರಡನೆಯದು, ಆಗಲೇ ಹೇಳಿದ ಹಾಲ್‌ನ ಮೂಲೆ. ಅಲ್ಲಿ ಗಾರೆ ಹಚ್ಚಿಲ್ಲ, ಯಾಕೆಂದರೆ ಟೀವಿ ಪಾಯಿಂಟಿಗೆ ಗೋಡೆ ಕೊರೆದಿಲ್ಲ. ಟೀವಿ ಎಲ್ಲಿ ಅಂತ ಅವರು ಹೇಳಿಲ್ಲ. ಪುಸ್ತಕದಲ್ಲಿ ಇವು ಎರಡು ಬೇರೆ ಸಾಲು, ಒಂದು ಕಾಂಕ್ರೀಟು, ಒಂದು ಗಾರೆ. ಬುಡ ಒಂದೇ. ಅದಕ್ಕೇ ಕಾರಣವನ್ನು ಒಂದು ಸಲ ಕೇಳಿ ಬಿಡಬೇಡ. ಉತ್ತರ ನಿನ್ನ ಕೈಲಿ ಮಾಡಬಹುದಾದ ಒಂದು ಕೆಲಸಕ್ಕೆ ಬಂದು ನಿಲ್ಲುವವರೆಗೂ ಕೇಳು. "ಮಳೆ ಬಂತು" ಅನ್ನುವುದು ನಿಜವಾದ ಕಾರಣವೇ ಇರಬಹುದು. ಮಳೆ ನಿಂತ ಮೇಲೂ ಎರಡು ದಿನ ಮರಳು ಒದ್ದೆ ಇತ್ತು ಅಂದರೆ, ಟಾರ್ಪಾಲು ಇರಲಿಲ್ಲ ಅನ್ನುವುದು ಕಾರಣ.

ಮೂರನೆಯದರಲ್ಲಿ ತಪ್ಪು ನಿನ್ನದೇ, ಬೇಜಾರು ಮಾಡಿಕೊಳ್ಳಬೇಡ. ನೀರಿನ ಸಂಪನ್ನು ತುಂಬಿಸಿ ಸೋರಿಕೆ ನೋಡುವುದು ಅಂತ ನೀನು ಬರೆದಿದ್ದೆ. ಸಂಪಿನ ಒಳಗಾರೆ ಮುಗಿದದ್ದೇ ಬುಧವಾರ. ಆ ಗಾರೆ ಒಂದು ವಾರವಾದರೂ ನೀರುಂಡು ಗಟ್ಟಿಯಾಗಬೇಕು, ಆಮೇಲೆ ತುಂಬಿ ಮಟ್ಟದ ಗುರುತು ಹಾಕಿ ಕಾಯಬೇಕು. ಅದು ಈ ಶನಿವಾರಕ್ಕೆ ಯಾವ ಲೆಕ್ಕದಲ್ಲೂ ಆಗುತ್ತಿರಲಿಲ್ಲ. ಅದು ಜಾರಿದ್ದಲ್ಲ, ಬರೆಯುವಾಗಲೇ ಸುಳ್ಳಾಗಿತ್ತು. ಇಂಥದ್ದಕ್ಕೆ "ನನ್ನ ಲೆಕ್ಕ ತಪ್ಪು" ಅಂತಲೇ ಬರೆ. ಎರಡು ತಿಂಗಳಾದ ಮೇಲೆ ಹಿಂದಿನ ಪುಟ ತಿರುವಿದಾಗ ಎಷ್ಟು ಸಲ ಯಾವ ಕಾರಣ ಬಂದಿದೆ ಅಂತ ಎಣಿಸು. ನನ್ನ ಪುಸ್ತಕದಲ್ಲಿ ಜಾಸ್ತಿ ಇದ್ದದ್ದು "ನಕ್ಷೆ ಬಂದಿಲ್ಲ". ಅಲ್ಲಿಯವರೆಗೆ ನಾನು ಬೈಯುತ್ತಿದ್ದದ್ದು ಕೂಲಿಯವರಿಗೆ.

ಎಂಟರಲ್ಲಿ ಐದು ಅಂದರೆ ಸುಮಾರು 62 ಪರ್ಸೆಂಟ್. ಪುಟದ ಮೇಲೆ ಮೂಲೆಯಲ್ಲಿ ಬರೆದಿಡು. ಈ ಲೆಕ್ಕ ನನ್ನ ಸ್ವಂತದ್ದಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಗ್ಲೆನ್ ಬ್ಯಾಲಾರ್ಡ್, ಗ್ರೆಗ್ ಹೋವೆಲ್ ಅನ್ನುವವರು ಕಟ್ಟಡ ಕೆಲಸಕ್ಕೆಂದೇ ರೂಢಿಗೆ ತಂದದ್ದು, ಹೆಸರು "ಲಾಸ್ಟ್ ಪ್ಲಾನರ್". ಈ ಅಂಕಿಗೆ ಅವರು ಇಟ್ಟ ಹೆಸರು ಪರ್ಸೆಂಟ್ ಪ್ಲಾನ್ ಕಂಪ್ಲೀಟ್, ಚಿಕ್ಕದಾಗಿ ಅದೂ ಪಿಪಿಸಿ, ಸಿಮೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಕೊನೆಯದಾಗಿ ಕೆಲಸ ಹಂಚುವವನೇ ಮಾತು ಕೊಡಬೇಕು ಅನ್ನುವುದು ಅದರ ತಿರುಳು. ನಮ್ಮ ಸೈಟಿನಲ್ಲಿ ಅವನು ಮೇಸ್ತ್ರಿ. ನೀನು "ಬುಧವಾರ ಮುಗಿಸಿ" ಅಂದರೆ ಅವನು ತಲೆ ಆಡಿಸುತ್ತಾನೆ. "ಯಾವಾಗ ಮುಗಿಸ್ತೀರಿ, ಏನು ಬೇಕು?" ಅಂತ ಕೇಳಿದರೆ ಯೋಚನೆ ಮಾಡಿ ಹೇಳುತ್ತಾನೆ.

ಆದರೆ ಆ ಅಂಕಿಯನ್ನು ಹಿಡಿದು ಯಾರನ್ನೂ ಗದರಿಸಬೇಡ. ಗದರಿಸಿದರೆ ಮುಂದಿನ ವಾರದಿಂದ ಎಲ್ಲರೂ ಕಡಿಮೆ ಒಪ್ಪಿಕೊಳ್ಳುತ್ತಾರೆ, ನಿನಗೆ ನೂರಕ್ಕೆ ನೂರು ಬರುತ್ತೆ, ಕಟ್ಟಡ ಮಾತ್ರ ಏಳುವುದಿಲ್ಲ. ಇನ್ನೊಂದು ಮೋಸವೂ ಇದೆ. ಈ ವಾರ ಆದ ಐದರಲ್ಲಿ ಶೆಡ್ಡಿನ ಬಾಗಿಲು ರಿಪೇರಿಯೂ ಒಂದು. ಜಾರಿದ್ದು ಆರ್‌ಸಿಸಿ. ಅಂಕಿಗೆ ಎರಡೂ ಒಂದೇ ತೂಕ. ಅದಕ್ಕೆ, ಯಾವುದು ನಿಂತರೆ ಬೇರೆಯವರ ಕೆಲಸವೂ ನಿಲ್ಲುತ್ತದೋ ಅದಕ್ಕೆ ಬರೆಯುವಾಗಲೇ ಕೆಂಪು ಚುಕ್ಕೆ ಇಡು.

ಮುಂದಿನ ವಾರದ ಪುಟಕ್ಕೆ ಕೆಂಪು ಚುಕ್ಕೆಯ ಕೆಲಸ ಮೂರೇ ಮೂರು ಸಾಕು. ಬರೆಯುವ ಮುಂಚೆ ಒಂದೊಂದಕ್ಕೂ ಕೇಳು: ನಕ್ಷೆ ಇದೆಯಾ, ಸಾಮಾನು ಸೈಟಿಗೆ ಬಂದಿದೆಯಾ, ಜನ ಇದ್ದಾರಾ, ಹಿಂದಿನ ಕೆಲಸ ಮುಗಿದು ಜಾಗ ಖಾಲಿ ಇದೆಯಾ. ಒಂದಕ್ಕಾದರೂ "ಇಲ್ಲ" ಬಂದರೆ ಆ ಕೆಲಸವನ್ನು ಬರೆಯಬೇಡ. ಆ "ಇಲ್ಲ"ವನ್ನು ತೆಗೆಯುವುದನ್ನೇ ಕೆಲಸವಾಗಿ ಬರೆ. ಹೀಗೆ ನೋಡಿದರೆ ನಿನ್ನ ಮೊದಲ ಚುಕ್ಕೆ ಆರ್‌ಸಿಸಿ ಅಲ್ಲ. "ಸೋಮವಾರ 11 ಗಂಟೆಯೊಳಗೆ ಮಾಲೀಕರ ಮನೆಯವರನ್ನು ಸೈಟಿಗೆ ಕರೆಸಿ, ಮಂಚ, ಟೀವಿ, ಫ್ಯಾನ್ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸುವುದು. ನಾನು." ಎರಡನೆಯದು, ಮಂಗಳವಾರ ಸಂಜೆಯೊಳಗೆ ಸ್ಲ್ಯಾಬಿನ ಪೈಪು ಮತ್ತು ಬಾಕ್ಸು, ಎಲೆಕ್ಟ್ರಿಷಿಯನ್. ಇವೆರಡೂ ಆದರೆ ಮಾತ್ರ ಮೂರನೆಯದು, ಬುಧವಾರ 12ನೇ ತಾರೀಖು ಆರ್‌ಸಿಸಿ. ಮಂಗಳವಾರ ಸಂಜೆ ಪೈಪು ಮುಗಿಯದಿದ್ದರೆ ಆಗಲೇ ಮಿಕ್ಸರಿನವನಿಗೆ ಬೇಡ ಅಂತ ಹೇಳು. ಬೆಳಿಗ್ಗೆ ಹದಿನೈದು ಜನ ಬಂದು ಕೂತ ಮೇಲೆ ಹೇಳಿದರೆ ಕೂಲಿ ಕೊಡಬೇಕಾಗುತ್ತೆ.

ಆ ಕಿಟಕಿ ಗ್ರಿಲ್ಲು. ಎರಡು ಸಲ ಜಾರಿದ ಸಾಲನ್ನು ಮೂರನೇ ಸಲ ಹಾಗೇ ನಕಲು ಮಾಡಬೇಡ. ಅದನ್ನು ಒಡೆ, ಇಲ್ಲವೇ ಬೇರೆಯವರಿಗೆ ಕೊಡು, ಇಲ್ಲವೇ ಹೊಡೆದು ಹಾಕಿ ಯಾವಾಗ ಬೇಕೋ ಆ ತಿಂಗಳಿಗೆ ಬರೆ. ನಿನಗೆ ಗ್ರಿಲ್ಲು ಈಗ ಬೇಡ. ಬೇಕಾದದ್ದು ಕಿಟಕಿಗಳ ಅಳತೆ ಮಾತ್ರ, ಅದು ಅರ್ಧ ಗಂಟೆಯ ಕೆಲಸ. ಆದರೆ ಅಳತೆ ತೆಗೆಯುವ ಮುಂಚೆ ಗಾರೆ ಮುಗಿದಿರಲಿ. ಇಲ್ಲದಿದ್ದರೆ ಗ್ರಿಲ್ಲು ಗೋಡೆಗೆ ಹೊಂದುವುದಿಲ್ಲ.

ಮಾಲೀಕರಿಗೆ ಪುಸ್ತಕ ತೋರಿಸಬೇಡ, ವಾಟ್ಸಾಪಿನಲ್ಲಿ ನಾಲ್ಕು ಸಾಲು ಕಳಿಸು. ಹೀಗೆ: "ಪೋರ್ಟಿಕೋ ಆರ್‌ಸಿಸಿ ಸೇರಿ ಐದು ಕೆಲಸ ಮುಗಿದಿದೆ. ಮಹಡಿ ಆರ್‌ಸಿಸಿ ಗುರುವಾರ ಆಗಲಿಲ್ಲ, ಫ್ಯಾನ್ ಜಾಗ ನಾನು ಮೊದಲೇ ಕೇಳಿರಲಿಲ್ಲ. ಸೋಮವಾರ 11 ಗಂಟೆಗೆ ನೀವು ಬಂದು ಗುರುತು ಹಾಕಿಕೊಟ್ಟರೆ ಬುಧವಾರ ಹಾಕುತ್ತೇವೆ. ನಾಳೆ ಪೋರ್ಟಿಕೋಗೆ ನೀರು ವಾಚ್‌ಮನ್ ಹಾಕುತ್ತಾರೆ." ಜಾರಿದ್ದನ್ನು ನೀನೇ ಮೊದಲು ಹೇಳಿದರೆ ಅವರು ಸೈಟಿಗೆ ಬಂದು ಹುಡುಕುವುದಿಲ್ಲ.

ಬರುವ ಶನಿವಾರದ ಪುಟ ಬರೆದ ಮೇಲೆ ಫೋಟೋ ಕಳಿಸು. ಅಂದವಾಗಿ ಬರೆಯಬೇಕಿಲ್ಲ, ಮಣ್ಣಾಗಿದ್ದರೂ ಪರವಾಗಿಲ್ಲ. ನಿಮ್ಮಪ್ಪನಿಗೆ ಸಕ್ಕರೆ ಪರೀಕ್ಷೆ ಮಾಡಿಸಲು ಹೇಳು. ಅವನ ಪಟ್ಟಿಯಲ್ಲಿ ಅದು ಎಷ್ಟು ವಾರದಿಂದ ನಕಲಾಗುತ್ತಿದೆಯೋ.

ಇಂತಿ,
ನಿನ್ನ ದೊಡ್ಡಪ್ಪ