ಫೋಟೋದ ಜನರನ್ನ ಚೌಕ ಹಾಕಿ ಎಣಿಸಿ

ಸಂಪಾದಕರೇ, ಕಾಸರಗೋಡಿನ ಮೈದಾನದ ಸಭೆಗಳ ಫೋಟೋ ಕೆಳಗೆ ‘ಸಾವಿರಾರು ಜನ’ ಅಂತ ಅಂದಾಜಿಗೆ ಬರೆಯೋದು ಇನ್ನು ನಿಲ್ಲಿಸಿ, ಅದೇ ಫೋಟೋದಿಂದ ಲೆಕ್ಕ ಹಾಕ್ಲಿಕ್ಕೆ ದಾರಿ ಉಂಟು. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಕಲಿಸ್ತಿದ್ದ ಹರ್ಬರ್ಟ್ ಜೇಕಬ್ಸ್ ಹೀಗೇ ಚೌಕ ಹಿಡಿದು ಗುಂಪು ಎಣಿಸಿದ್ರು.

ಎತ್ತರದಿಂದ ತೆಗೆದ ಫೋಟೋ ಮೇಲೆ 60 ಚೌಕ ಹಾಕಿದ್ದೇವೆ ಅಂತ ಇಟ್ಕೊಳ್ಳಿ. ವೇದಿಕೆ ಹತ್ರ ಒತ್ತೊತ್ತಾಗಿರೋ ಚೌಕ 20, ಮಧ್ಯಮ 25, ಬದಿಯಲ್ಲಿ ಚದುರಿದ್ದು 15. ಪ್ರತಿ ಗುಂಪಿಂದ ಚೀಟಿ ಎತ್ತಿ ಮೂರು ಚೌಕ ಆರಿಸಿ ತಲೆ ಎಣಿಸ್ಬೇಕು, ಗೆರೆ ಮೇಲೆ ಬಿದ್ದ ತಲೆಯನ್ನ ಒಂದೇ ಚೌಕಕ್ಕೆ ಸೇರಿಸ್ಬೇಕು. ಒತ್ತಾದಲ್ಲಿ 38, 41, 47 ಬಂದ್ರೆ ಸರಾಸರಿ 42, ಮಧ್ಯಮದಲ್ಲಿ 18, ಬದಿಯಲ್ಲಿ 5 ಅಂದ್ರೆ, ಆಯಾ ಗುಂಪಿನ ಚೌಕಗಳ ಸಂಖ್ಯೆಯಿಂದ ಗುಣಿಸಿ ಬಂದ 840, 450, 75 ಕೂಡಿ 1,365 ಜನ. ಬರೀ ವೇದಿಕೆ ಹತ್ರದ ಚೌಕ ನೋಡಿ 60ರಿಂದ ಗುಣಿಸಿದ್ರೆ 2,520 ಆಗ್ತದೆ, ಹೆಚ್ಚುಕಮ್ಮಿ ಡಬಲ್!

ಫೋಟೋದಲ್ಲಿ ದೂರದ ಚೌಕ ಹೆಚ್ಚು ನೆಲ ಹಿಡಿಯೋದ್ರಿಂದ ಅದನ್ನ ಬೇರೆ ಗುಂಪು ಮಾಡ್ಬೇಕು, ಅಲ್ಲಿ ತಲೆ ಹಿಂದೆ ತಲೆ ಅಡಗಿ ಲೆಕ್ಕ ಕಮ್ಮಿಯೂ ಬರ್ತದೆ, ಮರ ಶಾಮಿಯಾನದ ಅಡಿಯವರಂತೂ ಕಾಣೋದೇ ಇಲ್ಲ.

ಆದ್ದರಿಂದ ಇನ್ನು ಮುಂದೆ ಸಂಖ್ಯೆ ಹಾಕುವಾಗ ಎಷ್ಟು ಚೌಕ ಎಣಿಸಿದ್ದು, ಫೋಟೋ ಎಷ್ಟು ಗಂಟೆಗೆ ತೆಗೆದದ್ದು ಅಂತ ಒಂದು ಸಾಲು ಸೇರಿಸಿ.

– ಓದುಗ, ಕಾಸರಗೋಡು